ಕೆಲಸದಲ್ಲಿ ಎಲ್ಲರಿಗಿಂತ ಮುಂದು, ಮಾತಿನಲ್ಲಿ ಒರಟು

"ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವರೇ ಉಳಿದವರ ಮೇಲೆ ಹರಿಹಾಯುತ್ತಾರೆ. ಇದನ್ನು ಅವರಿಗೆ ಹೇಗೆ ಹೇಳಲಿ? ಹೇಳಿದರೆ ಕೆಲಸ ಬಿಟ್ಟು ಹೋದಾರು ಎಂಬ ಭಯವೂ ಇದೆ."

ಮೊದಲ ಸಲ ಇಂಥ ಮಾತುಕತೆಗೆ ಕುಳಿತಾಗ ನಾನು ಅದನ್ನು ಪೂರ್ತಿಯಾಗಿ ಕೆಡಿಸಿದ್ದೆ. ನಮ್ಮ ತಂಡದಲ್ಲಿದ್ದ ಅಂಥವರೊಬ್ಬರ ಕೆಲಸವನ್ನು ಹತ್ತು ನಿಮಿಷ ಹೊಗಳಿ, ನಡುವೆ "ಸ್ವಲ್ಪ ಮೃದುವಾಗಿ ಮಾತಾಡಿದರೆ ಒಳ್ಳೆಯದು" ಎಂಬ ಒಂದು ವಾಕ್ಯವನ್ನು ತೂರಿಸಿ, ಮತ್ತೆ ಹೊಗಳಿಕೆಯಲ್ಲೇ ಮುಗಿಸಿದೆ. ಅವರು ನಗುನಗುತ್ತಾ ಎದ್ದು ಹೋದರು. ಬಡ್ತಿಯ ಸೂಚನೆ ಸಿಕ್ಕಿತೆಂದು ತಿಳಿದುಕೊಂಡಿದ್ದರೆಂಬುದು ನನಗೆ ಆಮೇಲೆ ಗೊತ್ತಾಯಿತು.

ನನ್ನ ತಪ್ಪು ಇದ್ದದ್ದು ಕೆಲಸ ಬೇರೆ, ನಡವಳಿಕೆ ಬೇರೆ ಎಂದು ವಿಂಗಡಿಸಿದ್ದರಲ್ಲಿ. ಹಾಗೆ ವಿಂಗಡಿಸಿದ ಕೂಡಲೇ ಕೇಳುವವರು ತಮ್ಮ ಮನಸ್ಸಿನಲ್ಲಿ ಎರಡನ್ನೂ ತೂಗಿ ನೋಡುತ್ತಾರೆ, ಮತ್ತು ಕೆಲಸದ ತಟ್ಟೆಯೇ ಭಾರವಾಗುತ್ತದೆ. ಆದ್ದರಿಂದ ಎರಡನೆಯ ಸಲ ಒರಟುತನದಿಂದ ಕೆಲಸಕ್ಕೇ ಆದ ನಷ್ಟವನ್ನು ಹುಡುಕಿಕೊಂಡು ಹೋದೆ.

ಅವರು ನಮ್ಮ ಸಾಫ್ಟ್‌ವೇರ್ ತಂಡದ ಹಿರಿಯ ಎಂಜಿನಿಯರ್. ಬಿಲ್ಲಿಂಗ್ ಭಾಗವನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಒಂದು ಸಭೆಯಲ್ಲಿ, ಸೇರಿ ಮೂರು ತಿಂಗಳಾಗಿದ್ದ ಹುಡುಗಿಯೊಬ್ಬಳು ತನ್ನ ಕೋಡ್ ವಿವರಿಸುತ್ತಿದ್ದಾಗ ಅವಳ ಮಾತನ್ನು ಅರ್ಧಕ್ಕೇ ತಡೆದು, "ಇದನ್ನು ಬರೆಯುವ ಮೊದಲು ಯೋಚನೆ ಅನ್ನುವುದೇನಾದರೂ ಮಾಡಿದಿರಾ?" ಎಂದರು. ಆ ಸಭೆಯಲ್ಲಿ ನಾನೂ ಇದ್ದೆ. ಅದಕ್ಕೆ ಮೊದಲು ವಾರಕ್ಕೆ ಹತ್ತು ಹನ್ನೆರಡು ಕೋಡ್ ಬದಲಾವಣೆಗಳು ಅವರ ಪರಿಶೀಲನೆಗೆ ಹೋಗುತ್ತಿದ್ದವು. ಮುಂದಿನ ತಿಂಗಳು ಅದು ವಾರಕ್ಕೆ ಮೂರಕ್ಕೆ ಇಳಿದಿತ್ತು. ಉಳಿದವೆಲ್ಲ ಬಿಲ್ಲಿಂಗ್ ಗೊತ್ತಿಲ್ಲದವರ ಬಳಿಗೆ ಹೋಗುತ್ತಿದ್ದವು, ಅವುಗಳಲ್ಲೊಂದು ತಪ್ಪು ಲೆಕ್ಕದೊಂದಿಗೆ ಗ್ರಾಹಕರವರೆಗೂ ಹೋಗಿ ಇಬ್ಬರ ಎರಡು ದಿನಗಳನ್ನು ತಿಂದಿತು.

ಇಷ್ಟನ್ನು ಕೈಯಲ್ಲಿಟ್ಟುಕೊಂಡು ಅವರೊಬ್ಬರನ್ನೇ ಕರೆದು, ಪೀಠಿಕೆಯಿಲ್ಲದೆ ಹೇಳಿದೆ: "ನಾನು ಇವತ್ತು ಮಾತಾಡಬೇಕೆಂದಿರುವುದು ನೀವು ಸಹೋದ್ಯೋಗಿಗಳ ಜೊತೆ ಮಾತಾಡುವ ರೀತಿಯ ಬಗ್ಗೆ. ಆ ಸಭೆಯಲ್ಲಿ ನೀವು ಈ ಮಾತು ಹೇಳಿದಿರಿ. ಆಮೇಲೆ ನಿಮ್ಮ ಪರಿಶೀಲನೆಗೆ ಬರುವ ಕೋಡ್ ಕಾಲುಭಾಗಕ್ಕೆ ಇಳಿದಿದೆ. ನೀವು ಹಿಡಿಯಬಹುದಾಗಿದ್ದ ತಪ್ಪು ಗ್ರಾಹಕರ ಕೈ ಸೇರಿತು." ಅಷ್ಟು ಹೇಳಿ ಸುಮ್ಮನಾದೆ. ಸುಮ್ಮನಿರುವುದೇ ಇದರಲ್ಲಿ ಅತಿ ಕಷ್ಟದ ಭಾಗ. ಮೌನವನ್ನು ತುಂಬಲು ಹೋದವರು ಹೇಳಿದ್ದನ್ನೆಲ್ಲ ತಾವೇ ತೆಳುವಾಗಿಸಿಬಿಡುತ್ತಾರೆ.

"ಹಾಗಾದರೆ ನಾನು ಹೇಳಿದ್ದು ತಪ್ಪೇ? ಆ ಕೋಡ್ ಕೆಟ್ಟದಾಗಿಯೇ ಇತ್ತು" ಎಂದರು. ಈ ಉತ್ತರ ಬಂದೇ ಬರುತ್ತದೆ. ಕೋಡಿನ ಬಗ್ಗೆ ಅವರ ಮಾತು ಸರಿಯಾಗಿದ್ದುದರಿಂದ ಅದನ್ನು ತಕ್ಷಣ ಒಪ್ಪಿಕೊಂಡೆ. ವಾದಕ್ಕಿಳಿದಿದ್ದರೆ ಮಾತುಕತೆ ಕೋಡಿನ ಕಡೆಗೆ ಜಾರಿ ಅಲ್ಲಿ ಅವರೇ ಗೆಲ್ಲುತ್ತಿದ್ದರು. ಆಮೇಲೆ "ಯಾರು ದೂರು ಕೊಟ್ಟರು?" ಎಂದು ಕೇಳಿದರು. ನಾನೇ ಕಣ್ಣಾರೆ ಕಂಡದ್ದನ್ನು ಮತ್ತು ದಾಖಲೆಯಲ್ಲಿ ಇರುವುದನ್ನು ಮಾತ್ರ ಎತ್ತಿದ್ದರಿಂದ ಅಲ್ಲಿ ಯಾರ ಹೆಸರೂ ಬರಬೇಕಾಗಲಿಲ್ಲ. "ಎಲ್ಲರೂ ಹೇಳುತ್ತಿದ್ದಾರೆ" ಎಂದಿದ್ದರೆ ಅವರು ಆ ಎಲ್ಲರನ್ನು ಹುಡುಕಲು ಹೊರಡುತ್ತಿದ್ದರು, ಮೊದಲು ಸಿಕ್ಕಿಬೀಳುತ್ತಿದ್ದವಳು ಆ ಹುಡುಗಿಯೇ.

"ಸೌಜನ್ಯದಿಂದಿರಿ" ಎಂಬ ಬೇಡಿಕೆಯನ್ನು ಪಾಲಿಸಲೂ ಆಗದು, ಅಳೆಯಲೂ ಆಗದು. ಹಾಗಾಗಿ ಎರಡೇ ವಿಷಯ ಕೇಳಿದೆ: ಎದುರಿನವರು ಮಾತು ಮುಗಿಸುವವರೆಗೆ ತಡೆಯಬಾರದು, ಪರಿಶೀಲನೆಯ ಟಿಪ್ಪಣಿಯಲ್ಲಿ ಏನು ತಪ್ಪು, ಏಕೆ ತಪ್ಪು, ಬದಲಿಗೆ ಏನು ಮಾಡಬಹುದು ಎಂಬುದಷ್ಟೇ ಇರಬೇಕು, ಬರೆದವರ ಬುದ್ಧಿಯ ಪ್ರಸ್ತಾಪ ಇರಬಾರದು. ಎರಡು ವಾರಗಳ ನಂತರ ಮತ್ತೆ ಕೂರುವ ದಿನವನ್ನು ಅಲ್ಲೇ ಗೊತ್ತುಮಾಡಿದೆ. ಇದು ವಾರ್ಷಿಕ ಮೌಲ್ಯಮಾಪನದಲ್ಲೂ ಬರುತ್ತದೆ ಎಂದು ಮೊದಲೇ ತಿಳಿಸಿದೆ, ಏಕೆಂದರೆ ಅತ್ಯುತ್ತಮ ಶ್ರೇಣಿ ಎಂದಿನಂತೆ ಸಿಗುತ್ತದೆ ಎಂದಾದರೆ ನನ್ನ ಮಾತಿಗೆ ಬೆಲೆಯಿರುವುದಿಲ್ಲ.

ಬಿಟ್ಟು ಹೋಗುವ ಭಯ ನನಗೂ ಇತ್ತು. ಆದರೆ ಲೆಕ್ಕ ಹಾಕುವಾಗ ಅವರಿಂದಾಗಿ ಸದ್ದಿಲ್ಲದೆ ಬಿಟ್ಟು ಹೋಗುವವರನ್ನೂ ಎಣಿಸಬೇಕಲ್ಲವೇ? ಇನ್ನೊಂದು ಮಾತು: ನಿಂದನೆ, ಬೆದರಿಕೆ, ಲಿಂಗ ಅಥವಾ ಹುಟ್ಟನ್ನು ಹಿಡಿದು ಅವಮಾನಿಸುವುದು ಇಂಥ ಮಾತುಕತೆಗೆ ಸೇರಿದವಲ್ಲ; ಅವು ನೇರವಾಗಿ ಸಂಸ್ಥೆಯ ದೂರು ಪ್ರಕ್ರಿಯೆಗೆ ಹೋಗಬೇಕು.

ಅವರು ಪೂರ್ತಿ ಬದಲಾಗಲಿಲ್ಲ. ಐದನೆಯ ದಿನವೇ ಒಂದು ಟಿಪ್ಪಣಿ ಹಳೆಯ ಧಾಟಿಯಲ್ಲಿ ಬಂತು. ಅಂದೇ ಕರೆದು ತೋರಿಸಿದೆ, ಅವರೇ ಅಳಿಸಿ ಬೇರೆ ಬರೆದರು. ಎರಡು ತಿಂಗಳಲ್ಲಿ ಪರಿಶೀಲನೆಯ ಸಂಖ್ಯೆ ವಾರಕ್ಕೆ ಎಂಟಕ್ಕೆ ಏರಿತು. ಆ ಹುಡುಗಿ ಮಾತ್ರ ತನ್ನ ಕೋಡನ್ನು ಇಂದಿಗೂ ಮೊದಲು ಬೇರೆಯವರಿಗೆ ತೋರಿಸಿಯೇ ಅವರಿಗೆ ಕಳಿಸುತ್ತಾಳೆ.