ಸೊಪ್ಪಿನಲ್ಲಿ ಬಿ12 ಹುಡುಕುವವರಿಗೆ

“ಮಾತ್ರೆಗೀತ್ರೆ ಬೇಡ ಮೇಡಂ, ಯಾವ ಸೊಪ್ಪಲ್ಲಿ ಬಿ12 ಜಾಸ್ತಿ ಇರುತ್ತೆ ಹೇಳ್ಬಿಡಿ, ಅದನ್ನೇ ತಿಂತೀವಿ.”

ಯಾವುದರಲ್ಲೂ ಇಲ್ಲ. ನುಗ್ಗೆ, ಹರಿವೆ, ಮೆಂತ್ಯ, ಸಬ್ಬಸಿಗೆ, ಒಂದರಲ್ಲೂ ಇಲ್ಲ. “ಜಾಸ್ತಿ” ಎಂಬ ಪದವೇ ನನಗೆ ಕಿರಿಕಿರಿ. ಎಲ್ಲದರಲ್ಲೂ ಇಷ್ಟಿಷ್ಟು ಇದೆ, ನಾನು ಹೆಸರು ಮುಚ್ಚಿಟ್ಟಿದ್ದೇನೆ ಎಂಬಂತೆ ಕೇಳುತ್ತಾರೆ. ಗಿಡಕ್ಕೆ ಬಿ12 ಬೇಕಾಗಿಯೇ ಇಲ್ಲ, ಹಾಗಾಗಿ ಅದು ತಯಾರಿಸುವುದೂ ಇಲ್ಲ. ಇದನ್ನು ಮಾಡಬಲ್ಲವು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಹೊಟ್ಟೆಯಲ್ಲಿರುವ ಅಂಥ ಜೀವಿಗಳು ಮೇವಿನಲ್ಲಿರುವ ಕೋಬಾಲ್ಟ್ ಬಳಸಿ ಬಿ12 ಮಾಡುತ್ತವೆ, ಹಸುವಿನ ಕರುಳು ಅದನ್ನು ಹೀರುತ್ತದೆ, ಒಂದಿಷ್ಟು ಹಾಲಿಗೆ ಬರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಬಿ12 ತಯಾರಾಗುತ್ತದೆ. ಆದರೆ ಅದನ್ನು ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ಕೊನೆಯ ಭಾಗ, ಅಂದರೆ ಅದಕ್ಕೂ ಮೊದಲೇ. ಇಳಿಯಬೇಕಾದ ಸ್ಟಾಪು ದಾಟಿದ ಮೇಲೆ ಬಸ್ಸು ಹತ್ತಿದ ಹಾಗೆ.

ಇಡ್ಲಿ ಹಿಟ್ಟು ಹುದುಗುತ್ತಲ್ಲ ಅಂತೀರಿ. ಅದನ್ನು ಹುದುಗಿಸುವ ಬ್ಯಾಕ್ಟೀರಿಯಾ ನಂಬಿಕೊಳ್ಳುವಷ್ಟು ಬಿ12 ಕೊಡುವುದಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಅದರ ಹೋಲಿಕೆಯ ಇನ್ನೊಂದು ವಸ್ತು. ಹೆಸರಿಗೆ ಬಿ12, ನಮ್ಮ ದೇಹದಲ್ಲಿ ಕೆಲಸಕ್ಕೆ ಬಾರದು.

ಸರಿ, ಹಾಲು ಕುಡಿಯುವವರ ಲೆಕ್ಕ ನೋಡೋಣ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2.2 ಮೈಕ್ರೋಗ್ರಾಂ ಎಂದು ನಮ್ಮ ದೇಶದ 2020ರ ಶಿಫಾರಸು ಹೇಳುತ್ತದೆ. 100 ಮಿಲಿ ಹಾಲಿನಲ್ಲಿ ಇರುವುದು ಸುಮಾರು 0.4. ಎರಡು ಹೊತ್ತಿನ ಕಾಫಿಗೆ ಒಟ್ಟು 120 ಮಿಲಿ ಹಾಲು ಅಂದರೆ ಅರ್ಧ ಮೈಕ್ರೋಗ್ರಾಂಗೂ ಸ್ವಲ್ಪ ಕಮ್ಮಿ, ಕುದಿಸಿ ಕುದಿಸಿ ಇಟ್ಟರೆ ಇನ್ನೂ ಕಮ್ಮಿ. ಊಟಕ್ಕೆ ಒಂದು ಬಟ್ಟಲು ಮೊಸರು. ಹೆಪ್ಪು ಹಾಕಿದಾಗ ಆ ಬ್ಯಾಕ್ಟೀರಿಯಾಗಳೇ ಒಂದಿಷ್ಟು ತಿಂದುಹಾಕುತ್ತವೆ. ಎಲ್ಲಾ ಕೂಡಿಸಿದರೂ ಒಂದು ಮೈಕ್ರೋಗ್ರಾಂ ಮುಟ್ಟುವುದಿಲ್ಲ. ದಿನಾ ಅರ್ಧ ಲೀಟರಿಗೂ ಹೆಚ್ಚು ಹಾಲು ಕುಡಿಯುವ ಸಸ್ಯಾಹಾರಿ ಬೇರೆ ಮಾತು. ಹಾಲನ್ನೂ ಬಿಟ್ಟ ವೀಗನ್‌ಗೆ ಲೆಕ್ಕವೇ ಬೇಡ, ಸೊನ್ನೆ.

ಇನ್ನು ಪೋಷಕಾಂಶ ಸೇರಿಸಿದೆ ಎಂದು ಪೊಟ್ಟಣದ ಮೇಲೆ ಹಾಕುವ ‘ಪ್ಲಸ್ ಎಫ್’ ಗುರುತು. ಹಾಲಿನ ಪ್ಯಾಕೆಟ್ ಮೇಲೆ ಅದಿದ್ದರೆ ಸೇರಿಸಿರುವುದು ಎ ಮತ್ತು ಡಿ ವಿಟಮಿನ್, ಬಿ12 ಅಲ್ಲ. ಸಾರವರ್ಧಿತ ಅಕ್ಕಿಯಲ್ಲಿ ಬಿ12 ನಿಜವಾಗಿಯೂ ಇದೆ, ಆದರೆ ಕಿಲೋಗೆ ಸುಮಾರು ಒಂದು ಮೈಕ್ರೋಗ್ರಾಂ. ಕಾಲು ಕಿಲೋ ಅಕ್ಕಿ ಉಂಡರೆ ಕಾಲು ಮೈಕ್ರೋಗ್ರಾಂ. ಅದೂ ಅಕ್ಕಿಯಲ್ಲಿ ಬೆರೆಸಿರುವ ಸಾರವರ್ಧಿತ ಕಾಳುಗಳನ್ನು “ಪ್ಲಾಸ್ಟಿಕ್ ಅಕ್ಕಿ” ಎಂದು ಆರಿಸಿ ಎಸೆಯದಿದ್ದರೆ.

ಇಷ್ಟು ಕೇಳುವ ಬದಲು “ಬೇಕಿರೋದು ಎರಡು ಮೈಕ್ರೋಗ್ರಾಂ, ಮಾತ್ರೆಯಲ್ಲಿ ಸಾವಿರ ಯಾಕಿದೆ?” ಅಂತ ಯಾರಾದರೂ ಕೇಳಿದ್ದರೆ ನಾನೇ ಕಾಫಿ ಕೊಡಿಸುತ್ತಿದ್ದೆ. ಹೊಟ್ಟೆಯಲ್ಲಿ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೊಟೀನು ಬಿ12 ಅನ್ನು ಕೈಹಿಡಿದು ಕರುಳಿನ ಆ ಕೊನೆಗೆ ಒಯ್ಯುತ್ತದೆ. ಆದರೆ ಅಲ್ಲಿನ ಬಾಗಿಲು ಒಂದು ಹೊತ್ತಿಗೆ ಒಂದೂವರೆ ಎರಡು ಮೈಕ್ರೋಗ್ರಾಂ ಬಿಟ್ಟುಕೊಂಡು ಮುಚ್ಚುತ್ತದೆ, ಮತ್ತೆ ತೆರೆಯಲು ಕೆಲವು ಗಂಟೆ ಬೇಕು. ಉಳಿದದ್ದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಸುಮ್ಮನೆ ಇಂಗಿ ಒಳಹೋಗುತ್ತದೆ. ಸಾವಿರದ ಮಾತ್ರೆಯಿಂದ ರಕ್ತಕ್ಕೆ ಸೇರುವುದು ಹೆಚ್ಚುಕಮ್ಮಿ ಹನ್ನೆರಡು.

ಹಾಗಾಗಿ ಡೋಸು ನುಂಗುವ ಲಯದ ಮೇಲೆ ನಿಂತಿದೆ. ದಿನಾ ನುಂಗುವುದಾದರೆ 25ರಿಂದ 100 ಮೈಕ್ರೋಗ್ರಾಂ ಸಾಕು. ಮರೆಯುವ ಸ್ವಭಾವವಾದರೆ ಸಾವಿರದ್ದು ವಾರಕ್ಕೆ ಎರಡು. ಬಿ12 ಸೇರಿಸಿದ ಸೋಯಾ ಹಾಲನ್ನು ನೆಚ್ಚಿಕೊಂಡವರು ಒಂದೇ ಸಲ ಕುಡಿಯದೆ ಎರಡು ಮೂರು ಹೊತ್ತಿಗೆ ಹಂಚಿಕೊಳ್ಳಬೇಕು, ಮೊದಲು ಲೇಬಲ್ ಓದಬೇಕು. ಎಲ್ಲ ಸೋಯಾ ಹಾಲಿಗೂ ಸೇರಿಸಿರುವುದಿಲ್ಲ. ಲೇಬಲ್ ಮೇಲೆ ಬಿ12ರ ಒಂದು ರೂಪವಾದ ಸಯನೊಕೊಬಾಲಮಿನ್ ಹೆಸರಿದ್ದರೆ “ಸಯನೈಡಾ?” ಎಂದು ಬೆಚ್ಚಬೇಡಿ. ಆ ಪ್ರಮಾಣ ಲೆಕ್ಕಕ್ಕಿಲ್ಲ, ಆ ರೂಪವೇ ಹೆಚ್ಚು ದಿನ ಕೆಡದೆ ಉಳಿಯುತ್ತದೆ. ಮಾತ್ರೆಗಳನ್ನು ಮಾಡುವುದೂ ಬ್ಯಾಕ್ಟೀರಿಯಾ ಬೆಳೆಸಿಯೇ, ಹಸುವನ್ನು ನಡುವೆ ತರದೆ.

“ಆದರೂ ಸೊಪ್ಪು ಒಳ್ಳೇದಲ್ವಾ?” ಒಳ್ಳೆಯದೇ, ಅದರಲ್ಲೇ ಒಂದು ಮೋಸವಿದೆ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ದೇಹದಲ್ಲಿ ತುಂಬಿದ್ದರೆ ಬಿ12 ಕೊರತೆಯ ರಕ್ತಹೀನತೆ ಕಾಣಿಸದೇ ಹೋಗಬಹುದು, ಹಿಮೋಗ್ಲೋಬಿನ್ ಸರಿಯಾಗೇ ಇರಬಹುದು. ನರಗಳ ಹಾನಿ ಮಾತ್ರ ಒಳಗೊಳಗೇ ನಡೆಯುತ್ತಿರುತ್ತದೆ: ಪಾದ ಜುಮುಜುಮು, ಕತ್ತಲಲ್ಲಿ ನಡೆಯುವಾಗ ತೂರಾಟ, ಮರೆವು. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವ ದಾಸ್ತಾನು ಇರುವುದರಿಂದ “ಮೂರು ವರ್ಷದಿಂದ ವೀಗನ್, ಏನೂ ಆಗಿಲ್ಲ” ಎನ್ನುವುದು ಪುರಾವೆಯಲ್ಲ. ಹಾಲೂಡಿಸುವ ತಾಯಿಯ ವಿಷಯ ಇನ್ನೂ ಸೂಕ್ಷ್ಮ, ಮಗುವಿಗೆ ಅಷ್ಟು ದಾಸ್ತಾನಿರುವುದಿಲ್ಲ.

ಜುಮುಜುಮು ಆಗಲೇ ಶುರುವಾಗಿದ್ದರೆ ಅಂಗಡಿ ಮಾತ್ರೆಗೆ ಕೈಹಾಕದೆ ಬೇಗ ಡಾಕ್ಟರ ಹತ್ತಿರ ಹೋಗಿ. ಇಂಜೆಕ್ಷನ್ ಬೇಕೋ ಬೇಡವೋ ಅವರು ನೋಡುತ್ತಾರೆ. ರಕ್ತ ಪರೀಕ್ಷೆ ಮಾಡಿಸುವುದಿದ್ದರೆ ಮಾತ್ರೆ ಶುರುಮಾಡುವ ಮುಂಚೆಯೇ ರಕ್ತ ಕೊಡಿ. ನಾಲ್ಕು ದಿನ ನುಂಗಿ ಹೋದರೆ ವರದಿಯಲ್ಲಿ ಅಂಕಿ ಏರಿರುತ್ತದೆ, ಮೊದಲು ಎಷ್ಟಿತ್ತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.