ಬಂದ್ರೆ ಖುಷಿ, ಬರದಿದ್ರೂ ಪರ್ವಾಗಿಲ್ಲ ಅಂತ ಕರೆದ್ರೆ ಏನರ್ಥ?

ನೆದರ್ಲೆಂಡ್ಸಿಗೆ, ಐಂಡ್‌ಹೋವನ್‌ಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೇ, ಒಂದಿನ ಬಾಗಿಲ ಲೆಟರ್ ಡಬ್ಬಿಲಿ ಕೈಬರಹದ ಒಂದು ಚೀಟಿ ಬಿದ್ದಿತ್ತು. ಪಕ್ಕದ ಮನೆ ಅಜ್ಜಿದು. ಭಾನುವಾರ 4ರಿಂದ 6ರ ತನಕ ನಮ್ಮನೇಲಿ ಬೊರಲ್ ಇದೆ, ಬೀದಿಯವರೆಲ್ಲಾ ಬರಬಹುದು, ಏನೂ ತರೋದು ಬೇಡ, ಬರಲೇಬೇಕು ಅಂತೇನಿಲ್ಲ. ಬೊರಲ್ ಅಂದ ತಕ್ಷಣ ನಂಗೆ ಪಾತ್ರೆ ಬೋರಲು ಹಾಕೋದೇ ನೆನಪಾಯ್ತು. ಇಲ್ಲಿ ಅದು ಒಂದಿಷ್ಟು ಪಾನೀಯ, ಒಂದಿಷ್ಟು ಕುರುಕಲು ಇಟ್ಕೊಂಡು ಹರಟೋದು, ಅಷ್ಟೇ.

ನಾವು ಊಟದ ಮನೆ ಅಂತ ಮಧ್ಯಾಹ್ನ ಸರಿಯಾಗಿ ಉಣ್ಣದೆ ಐದೂವರೆಗೆ ಹೋದ್ವಿ, ಊರಲ್ಲಾದ್ರೆ ಅದು ಬೇಗ ಹೋದಂಗೆ. ಚೀಸ್ ತುಂಡು, ಸಾಸಿವೆ ಪೇಸ್ಟು, ಆಲಿವ್, ಕರಿದ ಬಿಟರ್‌ಬಾಲ್ ಅನ್ನೋ ಉಂಡೆ, ಅದರೊಳಗೆ ಸಾಮಾನ್ಯವಾಗಿ ದನದ ಮಾಂಸ ಇರುತ್ತೆ ಅಂತ ಅಜ್ಜಿನೇ ಮುಂಚೆ ಹೇಳಿದ್ರು ಪುಣ್ಯಕ್ಕೆ. ಆರು ಗಂಟೆ ಆಗ್ತಿದ್ದಂಗೆ ಎಲ್ರೂ ಎದ್ದು ಕೋಟು ಹಾಕ್ಕೊಂಡ್ರು, ಯಾಕಂದ್ರೆ ಅದು ಅವರವರ ಮನೇಲಿ ರಾತ್ರಿ ಊಟದ ಹೊತ್ತು. ನಾವು ಚೀಸ್ ತಿಂದ್ಕೊಂಡು ಮನೆಗೆ ಬಂದು ಅನ್ನಕ್ಕಿಟ್ವಿ. ಆಗ ಅರ್ಥ ಆಗಿದ್ದೇನಂದ್ರೆ ಸಡಿಲ ಇರೋದು ಬರೋದು ಬಿಡೋದರಲ್ಲಿ ಮಾತ್ರ, ಮುಗಿಯೋ ಟೈಮು ಅಂದ್ರೆ ಮುಗಿಯೋ ಟೈಮೇ.

ಹೋದ ಚಳಿಗಾಲದಲ್ಲಿ ನಾನೂ ಒಂದು ಬೊರಲ್‌ಗೆ ಕರೆದೆ. ಭಾನುವಾರ 3ರಿಂದ 5, ಕಾಫಿ ಮತ್ತೆ ನಮ್ಮೂರ ಕುರುಕಲು, ಮನಸಾದ್ರೆ ಬನ್ನಿ, ಹತ್ತು ನಿಮಿಷಕ್ಕಾದ್ರೂ ಸರಿ, ಉತ್ತರ ಕೊಡೋದೂ ಬೇಡ, ಕಡಲೆಕಾಯಿ ಗೋಡಂಬಿ ಆಗಲ್ಲ ಅನ್ನೋರು ಮಾತ್ರ ಒಂದ್ಮಾತು ಹೇಳಿ, ಇಷ್ಟೇ ಬರೆದು ಒಂಬತ್ತು ಮನೆಗೆ ಹಾಕಿದೆ. ಮೊದಲು ಬಿಸಿಬೇಳೆಬಾತ್ ಮಾಡ್ಬಿಡೋಣ ಅಂದ್ಕೊಂಡಿದ್ದೆ. ಆಮೇಲೆ ಯೋಚನೆ ಬಂತು, ಇಪ್ಪತ್ತು ಜನಕ್ಕೆ ಬಾತ್ ಮಾಡಿಟ್ಟು ನಾಲ್ಕು ಜನ ಬಂದ್ರೆ ಆಗ ಖಂಡಿತ ಪರ್ವಾಗಿದೆ, ಮುಖದಲ್ಲೂ ಕಾಣ್ಸುತ್ತೆ! ತಲೆ ಎಣಿಸದೆ ಮಾಡೋ ತಿಂಡಿ ಇದ್ರೆ ಮಾತ್ರ ಬರದಿದ್ರೂ ಪರ್ವಾಗಿಲ್ಲ ಅನ್ನೋ ಮಾತು ನಿಜ ಆಗೋದು. ಅದಕ್ಕೇ ಚಕ್ಕುಲಿ, ಕೋಡುಬಳೆ ಎರಡು ದಿನ ಮುಂಚೆನೇ ಕರಿದು ಡಬ್ಬಿಗೆ ತುಂಬಿದೆ, ಉಳಿದ್ರೆ ವಾರಗಟ್ಲೆ ನಾವೇ ತಿನ್ನಬಹುದು. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚಿ ಬೇರೆ ಬೇರೆ ಬಟ್ಟಲಲ್ಲಿಟ್ಟು, ಬಂದವರಿಗೆ ಬಂದಂಗೆ ಎರಡೆರಡು ಮುಷ್ಟಿ ಕಲಸಿ ಕೊಟ್ಟೆ, ಒಟ್ಟಿಗೆ ಕಲಸಿಟ್ರೆ ಹತ್ತು ನಿಮಿಷಕ್ಕೆ ಮೆತ್ತಗಾಗಿ ಹಾಳಾಗುತ್ತೆ. ಕಡಲೆಕಾಯಿ ದೂರ ಒಂದು ಬಟ್ಟಲಲ್ಲಿ, ಬೇಕಾದೋರು ಹಾಕ್ಕೊಳ್ಳಿ ಅಂತ.

ಏಳು ಜನ ಬಂದ್ರು. ಒಬ್ಬರು ನಿಜವಾಗ್ಲೂ ಹತ್ತು ನಿಮಿಷ ಕೂತು ಹೋದ್ರು, ಮುಖ ನೋಡಿದ್ರೆ ಸಂಕೋಚದ ಸುಳಿವೇ ಇಲ್ಲ. ಇನ್ನೊಂಚೂರು ಹಾಕ್ಲಾ ಅಂದ್ರೆ ಬೇಡ ಅಂದ್ರು, ನಾನು ಅಭ್ಯಾಸಬಲ ಮತ್ತೆ ಕೇಳಿದೆ, ಮತ್ತೆ ಬೇಡ ಅಂದ್ರು, ಮೂರನೇ ಸಲ ಕೇಳೋಕೆ ಹೋದವಳು ತಡಕೊಂಡೆ. ಇವರ ಬೇಡ ಮೊದಲ್ನೇ ಸಲಕ್ಕೇ ಬೇಡ.

ಎಡವಿದ್ದು ಇನ್ನೊಂದು ಕಡೆ. ಚೀಟಿಲಿ ಬರೆದಿದ್ದನ್ನೇ ಕನ್ನಡಕ್ಕೆ ತಿರುಗಿಸಿ ಇಲ್ಲಿರೋ ನಮ್ಮೋರಿಬ್ರಿಗೆ ವಾಟ್ಸಾಪ್ ಮಾಡಿದ್ದೆ. ಒಬ್ಬಳು ಫೋನ್ ಮಾಡಿ, ಅಲ್ವೇ, ಬರದಿದ್ರೂ ಪರ್ವಾಗಿಲ್ಲ ಅಂತೀಯಲ್ಲ, ಕರೆಯೋಕೆ ಮನಸ್ಸಿಲ್ದೆ ಕರೆದಂಗಿದೆ ಅಂದ್ಲು. ಅವಳದೂ ತಪ್ಪಲ್ಲ, ಮನೆಗೇ ಬಂದು ಕುಂಕುಮ ಕೊಟ್ಟು, ಎಲ್ರೂ ಬರಲೇಬೇಕು, ತಪ್ಪಿಸಬಾರದು ಅಂತ ಬಲವಂತ ಮಾಡಿದ್ರೇ ಕರೆದಂಗೆ ಅಂತ ಬೆಳೆದೋರು ನಾವು. ಇಬ್ರಿಗೂ ಮತ್ತೆ ಫೋನ್ ಮಾಡಿ, ಬಾರೇ, ಮಕ್ಕಳನ್ನೂ ಕರ್ಕೊಂಡು ಬಾ, ಬರದಿದ್ರೆ ನೋಡು ಅಂತ ಬೈದು ಕರೆದೆ, ಆಗ ಸಮಾಧಾನ ಆಯ್ತು.

ಐದು ಗಂಟೆಗೆ ಡಚ್ಚರೆಲ್ಲಾ ಥ್ಯಾಂಕ್ಸ್ ಹೇಳಿ ಎದ್ರು. ಐದೂವರೆಗೆ ಬೆಲ್ ಆಯ್ತು, ಬಾಗಿಲು ತೆಗೆದ್ರೆ ಅವಳೇ, ಗಂಡ, ಎರಡು ಮಕ್ಕಳು, ಕೈಲೊಂದು ಡಬ್ಬಿ ಕೇಸರಿಬಾತು. ತಡ ಆಯ್ತು ಕಣೇ, ರಾತ್ರಿಗೆ ಏನ್ ಮಾಡಿದ್ದೀಯಾ ಅಂದ್ಲು. ಈರುಳ್ಳಿ ಹೆಚ್ಚಿದ್ದು ಹೇಗೂ ಉಳಿದಿತ್ತು, ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟೆ.