ಗಡ್ಡೆ ನೋಡಿದೆ, ಪಕ್ಕದ ಲಿಂಫೋಸೈಟ್ ನೋಡಲಿಲ್ಲ

ನಾನು ಪೆಥಾಲಜಿಸ್ಟ್. ಸಂಜೆ ಆರಕ್ಕೆ ಒಂದು ಗಡ್ಡೆಯ ರಿಪೋರ್ಟ್ ಸೈನ್ ಔಟ್ ಮಾಡಿ ಖುಷಿಯಾಗಿ ಮನೆಗೆ ಹೋಗಿದ್ದೆ. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಟ್ಯೂಮರ್ ಬೋರ್ಡ್, ಕ್ಯಾನ್ಸರ್ ರೋಗಿಗಳ ಬಗ್ಗೆ ಡಾಕ್ಟರುಗಳೆಲ್ಲ ಕೂತು ಚರ್ಚಿಸುವ ಸಭೆ.

ರೋಗಿಗೆ 42 ವರ್ಷ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ. ರಿಕ್ವೆಸ್ಟ್ ಫಾರಂನಲ್ಲಿ ಸರ್ಜನ್ ಒಂದು ಸಾಲು ಬರೆದಿದ್ದರು, ತಂದೆಗೂ ಕರುಳಿನ ಕ್ಯಾನ್ಸರ್ ಇತ್ತು ಅಂತ. ನಾನು ಸ್ಲೈಡ್‌ಗಿಂತ ಮೊದಲು ಅದನ್ನೇ ಓದಿದೆ. ಎಡವಿದ್ದು ಅಲ್ಲೇ.

ಎಂಎಂಆರ್ ಐಎಚ್‌ಸಿಯ ನಾಲ್ಕು ಸ್ಲೈಡ್ ಬಂದವು. ಡಿಎನ್‌ಎ ತಪ್ಪು ತಿದ್ದುವ ನಾಲ್ಕು ಪ್ರೋಟೀನ್ ಕೋಶದಲ್ಲಿ ಇವೆಯಾ ಅಂತ ಆಂಟಿಬಾಡಿ ಹಾಕಿ ನೋಡುವ ಪರೀಕ್ಷೆ ಅದು. ಪ್ರೋಟೀನ್ ಕಂಡರೆ ಕಂದು, ಕಾಣದಿದ್ದರೆ ನೀಲಿ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2 ಮೂರೂ ಕಂದು, ಸ್ವಲ್ಪ ಮಂಕಾಗಿ. ಎಂಎಸ್‌ಎಚ್6 ಮಾತ್ರ ಪೂರ್ತಿ ನೀಲಿ. ನನಗೆ ರೋಮಾಂಚನ! ಯಾಕೆಂದರೆ ಆ ಚಿತ್ರಕ್ಕೆ ಅರ್ಥವಿತ್ತು. ಜೀವಕೋಶ ಡಿಎನ್‌ಎ ನಕಲು ಮಾಡುವಾಗ ಅಲ್ಲಲ್ಲಿ ತಪ್ಪು ಅಕ್ಷರ ಬೀಳುತ್ತದೆ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಜೋಡಿಯಾಗಿ ಹೋಗಿ ಆ ತಪ್ಪನ್ನು ಹಿಡಿಯುತ್ತವೆ. ಆಮೇಲೆ ಎಂಎಲ್‌ಎಚ್1, ಪಿಎಂಎಸ್2 ಜೋಡಿ ಬಂದು ಹೊಸ ಎಳೆಗೆ ಕಚ್ಚು ಹಾಕುತ್ತದೆ. ಅಷ್ಟು ತುಂಡು ಕಿತ್ತು ಹೋಗಿ, ಮತ್ತೆ ಸರಿಯಾಗಿ ತುಂಬಿಕೊಳ್ಳುತ್ತದೆ. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಒಂಟಿಯಾಗಿ ಉಳಿಯಲಾರದು, ಎರಡೂ ಮಾಯ. ಎಂಎಸ್‌ಎಚ್6 ಒಂದೇ ಹೋದರೆ ಎಂಎಸ್‌ಎಚ್2ಗೆ ಎಂಎಸ್‌ಎಚ್3 ಜೊತೆ ಸಿಗುತ್ತದೆ, ಹಾಗಾಗಿ ಅದು ಉಳಿಯುತ್ತದೆ. ನನ್ನ ಸ್ಲೈಡ್‌ನಲ್ಲಿದ್ದದ್ದೂ ಇದೇ. ವಯಸ್ಸು ಕಡಿಮೆ, ತಂದೆಗೂ ಇತ್ತು. ಇಂಥ ಒಂದು ಜೀನು ಹುಟ್ಟಿನಿಂದಲೇ ಕೆಟ್ಟು ವಂಶದಲ್ಲಿ ಕ್ಯಾನ್ಸರ್ ತರುವ ಲಿಂಚ್ ಸಿಂಡ್ರೋಮ್ ಅಲ್ಲದೆ ಇನ್ನೇನು ಅಂದುಕೊಂಡೆ. ಬಣ್ಣ ಸರಿಯಾಗಿ ಹತ್ತಿದೆಯಾ ಅಂತ ನೋಡಲು ಎಕ್ಸ್‌ಟರ್ನಲ್ ಕಂಟ್ರೋಲ್ ಆಗಿ ಇಟ್ಟಿದ್ದ ಅಪೆಂಡಿಕ್ಸ್ ತುಂಡು ಚೆನ್ನಾಗಿ ಕಂದಾಗಿತ್ತು. 'ಎಂಎಸ್‌ಎಚ್6 ಲಾಸ್, ಲಿಂಚ್ ಸಾಧ್ಯತೆ' ಎಂದು ಬರೆದು ಬಟನ್ ಒತ್ತಿದೆ.

ಟ್ಯೂಮರ್ ಬೋರ್ಡ್‌ನಲ್ಲಿ ಸ್ಲೈಡ್ ಪರದೆ ಮೇಲೆ ಬಂತು. ಆಂಕಾಲಜಿಸ್ಟ್ ಆಗಲೇ ಇಮ್ಯುನೋಥೆರಪಿ ಬಗ್ಗೆ ಮಾತು ಶುರು ಮಾಡಿದ್ದರು. ಹಿಂದಿನ ಸಾಲಿನಿಂದ ನಮ್ಮ ಸೀನಿಯರ್ ಮೇಡಂ ಕೇಳಿದರು, "ಗಡ್ಡೆ ಬಿಡಿ. ಲಿಂಫೋಸೈಟ್ ಯಾವ ಬಣ್ಣ ಇದೆ?"

ನೋಡಿದೆ. ನೀಲಿ. ಆ ಬಿಳಿ ರಕ್ತಕಣಗಳ ಸುತ್ತಲಿನ ಆಧಾರ ಅಂಗಾಂಶ, ಸ್ಟ್ರೋಮಾ, ಅದೂ ನೀಲಿ. ಪಕ್ಕದ ನಾರ್ಮಲ್ ಗ್ರಂಥಿಗಳೂ ನೀಲಿ. ಮೈ ತಣ್ಣಗಾಯಿತು. ಲಿಂಚ್ ಇರುವವರಲ್ಲೂ ನಾರ್ಮಲ್ ಕೋಶದಲ್ಲಿ ಆ ಜೀನಿನ ಒಂದು ಪ್ರತಿ ಕೆಲಸ ಮಾಡುತ್ತಿರುತ್ತದೆ, ಅವು ಕಂದಾಗಲೇಬೇಕು. ಅವೂ ಕಂದಾಗಿಲ್ಲ ಅಂದರೆ ಆ ಸ್ಲೈಡ್‌ನಿಂದ ಗಡ್ಡೆಯ ಬಗ್ಗೆ ಏನೂ ಹೇಳೋಕೆ ಆಗಲ್ಲ. ಅಪೆಂಡಿಕ್ಸ್ ಕಂದಾಗಿದ್ದಕ್ಕೆ ಆಂಟಿಬಾಡಿ ಸರಿ ಇದೆ ಅಂತ ಗೊತ್ತಾಯಿತು ಅಷ್ಟೇ. ಈ ತುಂಡು ಸರಿ ಇದೆಯಾ ಅಂತ ಅದು ಹೇಳುವುದಿಲ್ಲ.

ಸ್ಲೈಡ್ ಅಂಚಿಗೆ ಸರಿಸಿದೆವು. ಅಲ್ಲೊಂದು ತೆಳ್ಳನೆ ಪಟ್ಟಿಯಲ್ಲಿ ಲಿಂಫೋಸೈಟ್ ಕಂದು, ಅದರ ಪಕ್ಕದ ಗಡ್ಡೆ ಕೋಶಗಳೂ ಕಂದು! ಒಳಗೆ ಹೋದಂತೆ ಎಲ್ಲ ಒಟ್ಟಿಗೇ ಮಂಕಾಗಿ, ಕೊನೆಗೆ ನೀಲಿ. ಮೇಡಂ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಬೈದಿದ್ದರೆ ವಾಸಿ ಇತ್ತು.

ಆಪರೇಷನ್‌ನಿಂದ ಬಂದ ತುಂಡುಗಳನ್ನು ನೋಡಿ ಬರೆದಿಡುವ ಗ್ರಾಸಿಂಗ್ ರಿಜಿಸ್ಟರ್ ತೆಗೆದೆ. ಶನಿವಾರ ಸಂಜೆ ಬಂದ ಸ್ಪೆಸಿಮನ್. ಕರುಳನ್ನು ಸೀಳಿರಲಿಲ್ಲ. ಚಿಕ್ಕ ಡಬ್ಬದಲ್ಲಿ ತುರುಕಿ ಮೇಲೆ ಸ್ವಲ್ಪ ಫಾರ್ಮಲಿನ್, ಅಂದರೆ ಅಂಗಾಂಶ ಕೆಡದಂತೆ ಹಿಡಿದಿಡುವ ದ್ರಾವಣ, ಸುರಿದಿದ್ದರು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ, ಅದೂ ಆರಂಭದಲ್ಲಿ. ಅದು ತಲುಪುವಷ್ಟರಲ್ಲಿ ನಡುಭಾಗ ಕೆಟ್ಟಿತ್ತು. ಭಾನುವಾರ ಲ್ಯಾಬ್‌ಗೆ ಒಬ್ಬ ಅಟೆಂಡರ್ ಬೇಕು ಅಂತ ಎರಡು ಸಲ ಬರೆದುಕೊಟ್ಟಿದ್ದೇವೆ. ಮ್ಯಾನೇಜ್‌ಮೆಂಟ್‌ನವರಿಂದ ಬಂದದ್ದು ಹೊಸ ಸ್ಟಿಕ್ಕರ್ ಪ್ರಿಂಟರ್. ಆದರೂ ಡಬ್ಬ ಯಾರು ತುಂಬಿದರೇನು, ಸೈನ್ ನನ್ನದು.

ಕೊಲೊನೋಸ್ಕೋಪಿಯಲ್ಲಿ ತೆಗೆದ ಹಳೇ ಬಯಾಪ್ಸಿ ಬ್ಲಾಕ್ ಇತ್ತು. ಅವು ಅಕ್ಕಿಕಾಳಿನಷ್ಟು ತುಂಡುಗಳು, ತೆಗೆದ ಕೂಡಲೇ ಫಾರ್ಮಲಿನ್‌ಗೆ ಬಿದ್ದು ಚೆನ್ನಾಗಿ ಫಿಕ್ಸ್ ಆಗಿರುತ್ತವೆ. ಅದರ ಮೇಲೆ ಎಂಎಸ್‌ಎಚ್6 ಮತ್ತೆ ಹಾಕಿಸಿದೆ. ಲಿಂಫೋಸೈಟ್ ಕಂದು, ಗಡ್ಡೆ ಇನ್ನೂ ಗಾಢ ಕಂದು. ಲಾಸ್ ಇಲ್ಲ.

ಅಷ್ಟರಲ್ಲಿ ಒಂದು ಅನಾಹುತ ಆಗಿತ್ತು. ನಮ್ಮ ಸಾಫ್ಟ್‌ವೇರ್ ಸೈನ್ ಮಾಡಿದ ಮರುಕ್ಷಣ ಪಿಡಿಎಫ್ ಅನ್ನು ರೋಗಿಯ ಫೋನಿಗೆ ಕಳಿಸುತ್ತದೆ. ಮೊದಲು ಆಂಕಾಲಜಿಸ್ಟ್‌ಗೆ ಹೇಳಿ, ಆಮೇಲೆ ಮನೆಯವರಿಗೆ ನಾನೇ ಫೋನ್ ಮಾಡಿದೆ. ಎತ್ತಿದ್ದು ರೋಗಿಯ ತಮ್ಮ. ಆ ಒಂದೇ ರಾತ್ರಿಯಲ್ಲಿ ಅವರು ಲಿಂಚ್ ಬಗ್ಗೆ ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ಓದಿ, ತನಗೂ ಅರ್ಧಕ್ಕರ್ಧ ಸಾಧ್ಯತೆ ಅಂತ ಹೆಂಡತಿಗೆ ಹೇಳಿಬಿಟ್ಟಿದ್ದರು.

"ಹಾಗಾದ್ರೆ ನಾನು ಸ್ಕೋಪ್ ಮಾಡಿಸೋದು ಬೇಡ್ವಾ ಡಾಕ್ಟ್ರೇ?"

"ಮಾಡಿಸಿ. ತಂದೆಗೂ ಅಣ್ಣನಿಗೂ ಬಂದಿದೆ, ಅಷ್ಟೇ ಸಾಕು. ಐಎಚ್‌ಸಿ ಸರಿ ಬಂದರೂ ಲಿಂಚ್ ಪೂರ್ತಿ ಇಲ್ಲ ಅಂತ ಅಲ್ಲ. ಕೆಲವರಲ್ಲಿ ಪ್ರೋಟೀನ್ ಕಾಣಿಸುತ್ತೆ, ಕೆಲಸ ಮಾಡಲ್ಲ. ಜೆನೆಟಿಕ್ ಕೌನ್ಸೆಲರ್ ಹತ್ರ ಒಂದ್ಸಲ ಮಾತಾಡಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲನೇ ರಿಪೋರ್ಟ್ ಏನ್ ಮಾಡ್ಲಿ, ಡಿಲೀಟ್ ಮಾಡ್ಲಾ?"

ಬೇಡ, ಎರಡನ್ನೂ ಇಟ್ಕೊಳ್ಳಿ, ತಿದ್ದಿದ್ದನ್ನು ಮೇಲಿಟ್ಕೊಳ್ಳಿ ಅಂದೆ.